ಕಾಫಿ ಕಣದಲ್ಲಿ ‘ಇದು’, ‘ಅದು’

ಮೂಡಿಗೆರೆ ಬಳಿಯ ಒಂದು ಕಾಫಿ ಕಣದಲ್ಲಿ ‘ಇದು’, ‘ಅದು’ಗಳಂಥ, ವಸ್ತುವನ್ನು ತೋರಿಸಿ ಹೇಳುವ ನಿರ್ದೇಶಕ ಪದಗಳನ್ನು ಸಂಗ್ರಹಿಸಲು ಹೋದಾಗ, ಮೊದಲ ದಿನ ನಾನು ದೂರದ ಬುಟ್ಟಿಯತ್ತ ಕೈ ತೋರಿಸಿ ‘ಅದನ್ನು ಏನೆನ್ನುತ್ತೀರಿ’ ಎಂದು ಕೇಳಿದೆ. ಉತ್ತರವೂ ‘ಅದು’ ಎಂದೇ ಶುರುವಾಯಿತು. ನನ್ನ ಪದವೇ ನನಗೆ ಹಿಂದಿರುಗಿ ಬಂದಿತ್ತಾದ್ದರಿಂದ ಆ ದಿನದ ಧ್ವನಿಮುದ್ರಣವನ್ನೆಲ್ಲ ಬದಿಗಿಟ್ಟೆ.

ಮರುದಿನದಿಂದ ಪ್ರಶ್ನೆ ಕೇಳುವುದನ್ನು ನಿಲ್ಲಿಸಿ, ಕೆಲಸ ಒಪ್ಪಿಸತೊಡಗಿದೆ. ಒಂದೇ ಬಗೆಯ ಮೂರು ಬುಟ್ಟಿಗಳನ್ನು ಕಣದಲ್ಲಿ ಬೇರೆ ಬೇರೆ ಕಡೆ ಇಟ್ಟು, ನಾನು ಕಣ್ಣಿನಿಂದಷ್ಟೇ ಸೂಚಿಸಿದ ಬುಟ್ಟಿಯನ್ನು ಅಲ್ಲಿದ್ದ ಇಬ್ಬರು ಸೋದರಿಯರಲ್ಲಿ ಅಕ್ಕ ತನ್ನ ತಂಗಿಯಿಂದ ತರಿಸಿಕೊಳ್ಳಬೇಕು ಎಂದು ಗೊತ್ತುಮಾಡಿದೆ. ಬುಟ್ಟಿಗಳೆಲ್ಲ ಒಂದೇ ಥರ ಇದ್ದುದರಿಂದ ಬಣ್ಣ, ಗಾತ್ರ ಹೇಳಿ ಪಾರಾಗುವಂತಿರಲಿಲ್ಲ. ನಿರ್ದೇಶಕ ಪದ ಬಳಸಲೇಬೇಕಿತ್ತು.

ಬುಟ್ಟಿ ಹತ್ತು ಹೆಜ್ಜೆ ದೂರದಲ್ಲಿ ತಂಗಿಯ ಕಾಲಬಳಿ ಇದ್ದಾಗ ಅಕ್ಕ ‘ಅದ್ನ ಇತ್ತ ತಾರೆ’ ಎಂದರು. ಇಷ್ಟರಿಂದ ಏನನ್ನೂ ತೀರ್ಮಾನಿಸಲಾಗದು, ಏಕೆಂದರೆ ಆ ಬುಟ್ಟಿ ಮಾತಾಡುವವರಿಂದ ದೂರವೂ ಹೌದು, ಕೇಳುವವರಿಗೆ ಹತ್ತಿರವೂ ಹೌದು. ಆದ್ದರಿಂದ ಬುಟ್ಟಿಯನ್ನು ಕದಲಿಸದೆ ತಂಗಿಯನ್ನು ಮಾತ್ರ ಅಕ್ಕನ ಪಕ್ಕಕ್ಕೆ ಕರೆದು ನಿಲ್ಲಿಸಿದೆ. ಆಗಲೂ ‘ಅದ್ನ ತಗೊಂಡ್ ಬಾರೆ’ ಎಂದೇ ಬಂತು. ಸಿಂಹಳದಲ್ಲಾದರೆ ಇದೇ ಜಾಗದಲ್ಲಿ ಪದ ಬದಲಾಗುತ್ತದೆ: ಮಾತಾಡುವವರ ಬಳಿಯದು ‘ಮೇ’, ಕೇಳುವವರ ಬಳಿಯದು ‘ಒಯ’, ಇಬ್ಬರಿಗೂ ದೂರವಾಗಿ ಕಣ್ಣಿಗೆ ಕಾಣುವುದು ‘ಅರ’, ಕಾಣದಿರುವುದಕ್ಕೆ ಅಥವಾ ಮಾತಿನಲ್ಲಿ ಆಗಲೇ ಬಂದುಹೋದದ್ದಕ್ಕೆ ‘ಏ’. ಹಳಗನ್ನಡದಲ್ಲಿ ‘ಇ’ ಮತ್ತು ‘ಅ’ಗಳ ನಡುವೆ ‘ಉ’ ಎಂಬ ಮೂರನೆಯದೊಂದು ಇತ್ತು. ಈ ಕಣದ ಮಾತಿನಲ್ಲಿ ಅದರ ಸುಳಿವು ನನಗೆ ಸಿಗಲಿಲ್ಲ.

ಕಾಣುವುದು, ಕಾಣದಿರುವುದನ್ನು ಪರೀಕ್ಷಿಸುವಾಗ ನಾನು ಎಡವಿದೆ. ಅಕ್ಕನ ಕೈಗೆಟುಕುವ ಬುಟ್ಟಿಯ ಮೇಲೆ ಗೋಣಿಚೀಲ ಹೊದಿಸಿದಾಗ ಅವರು ‘ಇದು’ ಬಿಟ್ಟು ‘ಅದು’ ಎಂದರು. ಕಾಣದ ವಸ್ತುವಿಗೆ ‘ಅದು’ ಎಂದು ಖುಷಿಯಿಂದ ಬರೆದುಕೊಂಡೆ. ರಾತ್ರಿ ಧ್ವನಿಮುದ್ರಣ ಕೇಳಿದಾಗ, ಗೋಣಿ ಹೊದಿಸುವ ಮುಂಚೆ ನಾವಿಬ್ಬರೂ ಅದೇ ಬುಟ್ಟಿಯ ಹರಿದ ಅಂಚಿನ ವಿಷಯ ಮಾತಾಡಿದ್ದೆವೆಂಬುದು ತಿಳಿಯಿತು. ಹಾಗಾದರೆ ಆ ‘ಅದು’ ಮರೆಯಾದ ಬುಟ್ಟಿಯನ್ನು ತೋರಿಸಿತೋ, ಆಗಲೇ ಮಾತಿಗೆ ಬಂದ ಬುಟ್ಟಿಯನ್ನು ನೆನಪಿಸಿತೋ?

ಅನುಮಾನ ಪರಿಹರಿಸಲು ಮಾರನೆಯ ದಿನ ಎರಡನ್ನೂ ಬೇರ್ಪಡಿಸಿದೆ. ಅಕ್ಕ ಬರುವ ಮೊದಲೇ ಇನ್ನೊಂದು ಬುಟ್ಟಿಯನ್ನು ಅವರು ಕೂರುವ ಜಾಗದ ಪಕ್ಕದಲ್ಲಿ ಮುಚ್ಚಿಟ್ಟು, ಅದರ ಬಗ್ಗೆ ಯಾರೂ ಮಾತೆತ್ತದಂತೆ ನೋಡಿಕೊಂಡೆ. ಒಳಗೇನಿದೆಯೆಂದು ಅವರು ತಾವೇ ತಡವಿ ತಿಳಿದುಕೊಂಡರು. ಬುಟ್ಟಿ ಬೇಕೆಂದು ತಂಗಿ ಕೇಳಿದಾಗ ಅವರು ಗೋಣಿಯ ಮೇಲೆ ಕೈಯಿಟ್ಟು ‘ಇದ್ನೇ ತಗೊ’ ಎಂದರು. ಕೈ ಮುಟ್ಟಿದ್ದರಿಂದಲೇ ‘ಇದು’ ಬಂದಿರಬಹುದಲ್ಲವೇ ಎಂದು, ಮುಟ್ಟದೆ ಹೇಳುವಂತೆ ಅದೇ ಸನ್ನಿವೇಶವನ್ನು ಬೇರೆ ಇಬ್ಬರೊಂದಿಗೆ ಮತ್ತೆ ನಡೆಸಿದೆ; ಅವರೂ ‘ಇದು’ ಎಂದೇ ಹೇಳಿದರು. ಮೊದಲ ದಾಖಲೆಯ ಎದುರಿಗೆ ‘ಮುಂಚೆ ಪ್ರಸ್ತಾಪವಾಗಿತ್ತು’ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ.