ರೆಸ್ಯೂಮೆ, ವೆಬ್‌ಸೈಟ್, ಲಿಂಕ್ಡ್‌ಇನ್: ಮೂರರಲ್ಲೂ ಒಂದೇ ತಾರೀಖು ಇರಲಿ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ ಬೆಂಗಳೂರು ಸೇರಿದವರಲ್ಲಿ ಅನೇಕರು, ಮೊದಲ ಕೆಲಸ ಬಿಡುವಷ್ಟರಲ್ಲಿ ಮೂರು ಜಾತಕ ಮಾಡಿಕೊಂಡಿರುತ್ತಾರೆ. ಕ್ಯಾಂಪಸ್ ಸೆಲೆಕ್ಷನ್‌ಗೆಂದು ಬರೆದ ರೆಸ್ಯೂಮೆ ಒಂದು, ಹುಮ್ಮಸ್ಸಿನಲ್ಲಿ ಕಟ್ಟಿದ ವೆಬ್‌ಸೈಟ್ ಇನ್ನೊಂದು, ನೆನಪಾದಾಗ ತಿದ್ದಿದ ಲಿಂಕ್ಡ್‌ಇನ್ ಮತ್ತೊಂದು. ಇಂಟರ್‌ವ್ಯೂನಲ್ಲಿ ಇದನ್ನು ಯಾರೂ ಕೇಳದೇ ಇರಬಹುದು. ಆಮೇಲೆ ಬರುವ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಮಾತ್ರ ತಾಳೆ ನೋಡಿಯೇ ನೋಡುತ್ತಾರೆ.

ನಿಟುವಳ್ಳಿಯ ಹುಡುಗಿಯೊಬ್ಬಳ ಕತೆ ಹೀಗಿದೆ ಎಂದಿಟ್ಟುಕೊಳ್ಳಿ. 2021ರ ಜನವರಿಯಿಂದ ಜೂನ್‌ವರೆಗೆ ಒಂದು ಕಂಪನಿಯಲ್ಲಿ ಇಂಟರ್ನ್‌ಶಿಪ್. ಅದೇ ಕಂಪನಿಯಲ್ಲಿ ಜುಲೈ 12ಕ್ಕೆ ಕಾಯಂ ಕೆಲಸ. 2024ರ ಫೆಬ್ರುವರಿ 2 ಕೊನೆಯ ದಿನ. ಅವಳ ರೆಸ್ಯೂಮೆಯಲ್ಲಿ ‘2021–2024’ ಎಂದಷ್ಟೇ ಇದೆ. ಲಿಂಕ್ಡ್‌ಇನ್‌ನಲ್ಲಿ ಇಂಟರ್ನ್‌ಶಿಪ್ಪೂ ಸೇರಿ ಜನವರಿ 2021ರಿಂದ ಇಂದಿನವರೆಗೆ. ವೆಬ್‌ಸೈಟಿನಲ್ಲಿ ‘ಸೀನಿಯರ್ ಡೆವಲಪರ್, 3+ ವರ್ಷ’. ಒಂದೊಂದನ್ನೇ ನೋಡಿದರೆ ದೊಡ್ಡ ಸುಳ್ಳೇನಲ್ಲ. ಜೊತೆಗಿಟ್ಟು ನೋಡಿದವರಿಗೆ ಮಾತ್ರ ಅನುಮಾನ ಬರುತ್ತದೆ.

ಮೊದಲು ಕಾಗದಪತ್ರ ತೆಗೆಯಿರಿ

ಮೂರರಲ್ಲಿ ಯಾವುದು ಸರಿ ಎಂದು ಯೋಚಿಸುತ್ತ ಕೂರಬೇಡಿ. ಆಫರ್ ಲೆಟರ್, ಬಡ್ತಿ ಪತ್ರ, ರಿಲೀವಿಂಗ್ ಲೆಟರ್ ಇವನ್ನು ಎದುರಿಗಿಟ್ಟುಕೊಂಡು, ಒಂದು ಹಾಳೆಯಲ್ಲಿ ಕಂಪನಿಯ ಪೂರ್ಣ ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ ಬರೆದುಕೊಳ್ಳಿ. ಪಿಎಫ್ ಇದ್ದರೆ ಇಪಿಎಫ್‌ಒ ಪೋರ್ಟಲ್‌ಗೆ ಯುಎಎನ್ ಹಾಕಿ ಒಳಹೋಗಿ Service History ತೆರೆದು ನೋಡಿ. ಪರಿಶೀಲಿಸುವವರು ಅದನ್ನೂ ಕೇಳುವುದುಂಟು. ಇಂಟರ್ನ್‌ಶಿಪ್ ಕಾಲಕ್ಕೆ ಸಾಮಾನ್ಯವಾಗಿ ಪಿಎಫ್ ಕಟ್ಟಿರುವುದಿಲ್ಲ, ಹಾಗಾಗಿ ಅಲ್ಲಿ ಈ ಹುಡುಗಿಯ ಕೆಲಸ ಶುರುವಾಗುವುದು ಜುಲೈಯಿಂದಲೇ. ಬಿಟ್ಟ ದಿನದ ಜಾಗ ಖಾಲಿ ಇದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳು ಕಳೆದ ಮೇಲೆ Mark Exit ಮೂಲಕ ನೀವೇ ತುಂಬಬಹುದು.

ಈ ಹಾಳೆಯೇ ಇನ್ನು ಮೂಲ. ಮೂರು ಕಡೆಗೂ ಇದನ್ನು ನೋಡಿಯೇ ಬರೆಯಬೇಕು.

ತಾರೀಖು

ಇಂಟರ್ನ್‌ಶಿಪ್ಪನ್ನೂ ಕೆಲಸವನ್ನೂ ಎರಡು ಸಾಲು ಮಾಡಿ. ಜನವರಿ–ಜೂನ್ 2021 ಒಂದು, ಜುಲೈ 2021–ಫೆಬ್ರುವರಿ 2024 ಇನ್ನೊಂದು. ಲಿಂಕ್ಡ್‌ಇನ್ ತಿಂಗಳು, ವರ್ಷ ಮಾತ್ರ ತೋರಿಸುತ್ತದೆ. ಆದ್ದರಿಂದ ಉಳಿದೆರಡು ಕಡೆಯೂ ಅಷ್ಟೇ ಇರಲಿ. ಬರೀ ವರ್ಷ ಹಾಕಿದರೆ ಏನೋ ಮುಚ್ಚಿಟ್ಟಂತೆ ಕಾಣುತ್ತದೆ. 07/08/2021 ಎಂದು ಅಂಕಿಯಲ್ಲಿ ಬರೆದರೆ ನಮಗೆ ಆಗಸ್ಟ್, ಅಮೆರಿಕದವರಿಗೆ ಜುಲೈ. ತಿಂಗಳ ಹೆಸರೇ ಕ್ಷೇಮ.

ಒಟ್ಟು ಅನುಭವವನ್ನು ಕೈಲೆಕ್ಕದಲ್ಲಿ ಬರೆಯದಿದ್ದರೇ ಒಳ್ಳೆಯದು. ಜುಲೈ 12ರಿಂದ ಫೆಬ್ರುವರಿ 2ಕ್ಕೆ ಎರಡು ವರ್ಷ ಆರು ತಿಂಗಳು ಮತ್ತು ಮೂರು ವಾರ. ಲಿಂಕ್ಡ್‌ಇನ್ ಮೊದಲ ತಿಂಗಳು, ಕೊನೆಯ ತಿಂಗಳು ಎರಡನ್ನೂ ಪೂರ್ತಿ ಹಿಡಿಯುವುದರಿಂದ 2 ವರ್ಷ 8 ತಿಂಗಳು ಎನ್ನುತ್ತದೆ. ಇಂಟರ್ನ್‌ಶಿಪ್ ಸೇರಿಸದೆ ‘3+’ ಮಾತ್ರ ಯಾವ ಲೆಕ್ಕದಲ್ಲೂ ಬರುವುದಿಲ್ಲ.

ಹುದ್ದೆ

ಹೆಚ್ಚಿನವರು ಎಡವುವುದು ಇಲ್ಲೇ. ಕಂಪನಿ ಕೊಟ್ಟ ಹುದ್ದೆ ‘ಅಸೋಸಿಯೇಟ್ ಕನ್ಸಲ್ಟೆಂಟ್’ ಎಂಬಂಥ ಸಪ್ಪೆ ಹೆಸರು, ಮಾಡಿದ್ದೆಲ್ಲ ಬ್ಯಾಕೆಂಡ್ ಕೆಲಸ. ಅದನ್ನು ‘ಬ್ಯಾಕೆಂಡ್ ಡೆವಲಪರ್’ ಎಂದು ಬದಲಿಸುವ ಆಸೆ ಸಹಜ. ಹುದ್ದೆಯ ಜಾಗದಲ್ಲಿ ಪತ್ರದಲ್ಲಿರುವ ಹೆಸರೇ ಇರಲಿ, ಕೆಲಸವನ್ನು ಅದರ ಕೆಳಗಿನ ಸಾಲಿನಲ್ಲಿ ಹೇಳಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಹೆಸರಿನ ಕೆಳಗೆ ಬರುವ ಹೆಡ್‌ಲೈನ್ ಹುದ್ದೆಯಲ್ಲ. ಅಲ್ಲಿ ‘ಬ್ಯಾಕೆಂಡ್ ಡೆವಲಪರ್’ ಎಂದುಕೊಳ್ಳಲು ಅಡ್ಡಿಯಿಲ್ಲ. ಯಾವ ಪತ್ರದಲ್ಲೂ ಇಲ್ಲದ ‘ಸೀನಿಯರ್’ ಮಾತ್ರ ಎಲ್ಲಿಯೂ ಬೇಡ.

ವಿವರಣೆಯ ವಾಕ್ಯಗಳು ಮೂರು ಕಡೆಯೂ ಅಚ್ಚು ಒತ್ತಿದಂತೆ ಇರಬೇಕಿಲ್ಲ. ರೆಸ್ಯೂಮೆಯಲ್ಲಿ ಒಂದು ಸಾಲು, ವೆಬ್‌ಸೈಟಿನಲ್ಲಿ ಒಂದು ಪುಟ ಆದರೂ ಸರಿ. ಆದರೆ ಒಂದು ಕಡೆ ‘ನಾಲ್ವರ ತಂಡದಲ್ಲಿದ್ದೆ’ ಎಂದು, ಇನ್ನೊಂದು ಕಡೆ ‘ತಂಡ ನಡೆಸಿದೆ’ ಎಂದು ಬರೆದರೆ ಅದು ಶೈಲಿಯ ವ್ಯತ್ಯಾಸವಲ್ಲ, ಬೇರೆಯೇ ಮಾತು.

ತಿದ್ದುವ ಕ್ರಮ

ರೆಸ್ಯೂಮೆ ಮೊದಲು, ಆಮೇಲೆ ವೆಬ್‌ಸೈಟ್. ಪುಟ ತಿದ್ದಿ, ಡೌನ್‌ಲೋಡ್‌ಗೆ ಇಟ್ಟ ಹಳೆಯ ಪಿಡಿಎಫ್ ಮರೆಯುವವರೇ ಜಾಸ್ತಿ. ಫೈಲಿಗೆ ಯಾವಾಗಲೂ `resume.pdf` ಎಂದೇ ಹೆಸರಿಟ್ಟು ಹಳೆಯದರ ಮೇಲೇ ಹೊಸದನ್ನು ಹಾಕಿದರೆ, ಹಿಂದೆ ಯಾರಿಗೋ ಕಳಿಸಿದ ಲಿಂಕ್ ಕೂಡ ಹೊಸದನ್ನೇ ತೆರೆಯುತ್ತದೆ. ಬೇರೆ ಹೆಸರಿನ ಹಳೆಯ ಪ್ರತಿ ಉಳಿದಿದೆಯೇ ಎಂದು ಗೂಗಲ್‌ನಲ್ಲಿ ಹೀಗೆ ಹುಡುಕಿ, ನಿಮ್ಮ ವಿಳಾಸ ಹಾಕಿ:

```
site:example.in filetype:pdf
```

ಇಲ್ಲಿ ಏನೂ ಸಿಗದಿದ್ದರೂ ಸೈಟಿನ ಫೋಲ್ಡರ್ ಒಮ್ಮೆ ನೋಡಿಬಿಡಿ, ಗೂಗಲ್ ಎಲ್ಲ ಫೈಲನ್ನೂ ಹಿಡಿದಿರುವುದಿಲ್ಲ.

ಲಿಂಕ್ಡ್‌ಇನ್ ಕೊನೆಗೆ. ತಿದ್ದುವ ಪೆಟ್ಟಿಗೆಯಲ್ಲಿ Notify network ಎಂಬ ಗುಂಡಿ ಕಂಡರೆ ಆಫ್ ಮಾಡಿ. ಇಲ್ಲದಿದ್ದರೆ ಹಳೆಯ ತಾರೀಖು ಸರಿಮಾಡಿದ್ದಕ್ಕೆ ಹೊಸ ಕೆಲಸದ ಅಭಿನಂದನೆಗಳು ಬರತೊಡಗುತ್ತವೆ. ನೌಕ್ರಿಯಲ್ಲೂ ಪ್ರೊಫೈಲ್ ಇದ್ದರೆ ಅದೇ ಕೂತಲ್ಲೇ ಅದನ್ನೂ ತಿದ್ದಿಬಿಡಿ.