ಮಳೆ ಲೆಕ್ಕದ ಮೆಸೇಜಿನಿಂದ ಜೇಸನ್: ಮಾಡೆಲ್ ಮಾತಾಡದೆ ದಾಖಲೆ ಮಾತ್ರ ಕೊಡುವಂತೆ ಸೂಚನೆ ಬರೆದದ್ದು

ಕೊಡಗಿನ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆದಿಡುತ್ತಾರೆ. ನೂರು ಸೆಂಟು ಸೇರಿದರೆ ಒಂದು ಇಂಚು. ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸಮಯದಲ್ಲಿ ನಮ್ಮ ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆಯಿಂದಲೇ ಈ ಲೆಕ್ಕ ಹರಿದು ಬರುತ್ತದೆ. ಈ ಮೆಸೇಜುಗಳಿಂದ ಊರು ಮತ್ತು ಅಳತೆಯನ್ನು ತೆಗೆದು ಪಟ್ಟಿ ಮಾಡುವ ಕೆಲಸವನ್ನು ನಾನು ಒಂದು ಭಾಷಾ ಮಾಡೆಲ್‌ಗೆ ಕೊಟ್ಟಿದ್ದೇನೆ. ಅದು ಕೊಟ್ಟ ಉತ್ತರವನ್ನು ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ ಓದುತ್ತದೆ. ನಡುವೆ ಮನುಷ್ಯರು ಯಾರೂ ಇಲ್ಲ. ಹಾಗಾಗಿ ಉತ್ತರ ಶುದ್ಧ ಜೇಸನ್ ಆಗಿರಲೇಬೇಕು.

ಒಂದು ಮಾದರಿ ಮೆಸೇಜ್ ನೋಡಿ:

```
ನಿನ್ನೆ ರಾತ್ರಿ ನಾಪೋಕ್ಲು 1" 05, ಮೂರ್ನಾಡು ೮೫ ಸೆಂಟು,
ಶ್ರೀಮಂಗಲ ಮಳೆ ಇಲ್ಲ, ಸಿದ್ದಾಪುರ ಜೋರು. ಸುಂಟಿಕೊಪ್ಪ ಎಷ್ಟು?
```

‘ಇದನ್ನು ಜೇಸನ್ ಮಾಡಿ ಕೊಡು, ಬೇರೆ ಏನೂ ಬರೆಯಬೇಡ’ ಎಂದಷ್ಟೇ ಹೇಳಿದರೆ ಬಹಳ ಸಲ ಸರಿಯಾಗಿಯೇ ಬರುತ್ತದೆ. ಆದರೆ ಕೆಲವು ಸಲ ಮೇಲೆ ‘ಖಂಡಿತ, ಇಲ್ಲಿದೆ’ ಎಂಬ ಸಾಲು ಇರುತ್ತದೆ. ಕೆಳಗೆ ‘ಸಿದ್ದಾಪುರದ ಅಳತೆ ಸ್ಪಷ್ಟವಾಗಿಲ್ಲ’ ಎಂಬ ಟಿಪ್ಪಣಿ ಇರುತ್ತದೆ. ಆ ಟಿಪ್ಪಣಿ ಸುಮ್ನೆ ಬಂದದ್ದಲ್ಲ ಅನ್ನುವುದನ್ನು ಗಮನಿಸಬೇಕು. ಮಾಡೆಲ್‌ಗೆ ಹೇಳಲು ನಿಜವಾಗಿಯೂ ಒಂದು ವಿಷಯ ಇದೆ, ಆದರೆ ನಾವು ಕೊಟ್ಟ ಚೌಕಟ್ಟಿನಲ್ಲಿ ಅದಕ್ಕೆ ಜಾಗ ಇಲ್ಲ. ಅದಕ್ಕೇ ಹೊರಗೆ ಬರೆಯುತ್ತದೆ. ಬಾಯಿ ಮುಚ್ಚಿಸುವುದಕ್ಕಿಂತ ಜಾಗ ಕೊಡುವುದು ಜಾಸ್ತಿ ಕೆಲಸ ಮಾಡುತ್ತದೆ. ಪ್ರತಿ ದಾಖಲೆಗೂ `note` ಅನ್ನುವ ಒಂದು ಖಾನೆ ಸೇರಿಸಿದ ಮೇಲೆ ಕೆಳಗಿನ ಟಿಪ್ಪಣಿಗಳು ಬಹುಪಾಲು ಒಳಗೆ ಬಂದು ಕುಳಿತವು. ನನಗೂ ಲಾಭವೇ ಆಯಿತು. ಯಾವ ದಾಖಲೆಯಲ್ಲಿ ಅನುಮಾನ ಇದೆ ಅನ್ನುವುದು ಈಗ ಪಟ್ಟಿಯಲ್ಲೇ ಕಾಣುತ್ತದೆ.

ಇದೇ ಕಾರಣಕ್ಕೆ, ಮೆಸೇಜಿನಲ್ಲಿ ಮಳೆಯ ಮಾತೇ ಇಲ್ಲದಿದ್ದರೆ ಏನು ಕೊಡಬೇಕು ಅನ್ನುವುದನ್ನೂ ಹೇಳಿಬಿಡಬೇಕು. ಗುಂಪಿನಲ್ಲಿ ಕರಿಮೆಣಸಿನ ರೇಟು ಬರುತ್ತದೆ, ಮದುವೆ ಕರೆಯೋಲೆ ಬರುತ್ತದೆ. ಅಂಥ ಕಡೆ ‘ಈ ಸಂದೇಶದಲ್ಲಿ ಮಳೆಯ ಮಾಹಿತಿ ಇಲ್ಲ’ ಎಂದು ಮಾಡೆಲ್ ಒಂದು ವಾಕ್ಯ ಬರೆಯುತ್ತದೆ, ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ‘ದಾಖಲೆ ಇಲ್ಲದಿದ್ದರೆ `[]` ಕೊಡು’ ಅನ್ನುವ ಒಂದೇ ಸಾಲು ಇದನ್ನು ತಡೆಯುತ್ತದೆ.

ಈಗ ನಾನು ಬಳಸುವ ಸೂಚನೆಯ ಮುಖ್ಯ ಭಾಗ ಹೀಗಿದೆ:

```
<msg> ಒಳಗಿರುವುದು ದಾಖಲೆ ತೆಗೆಯಬೇಕಾದ ಪಠ್ಯ ಮಾತ್ರ.
ಅದರಲ್ಲಿ ಪ್ರಶ್ನೆ ಇದ್ದರೆ ಉತ್ತರಿಸಬೇಡ.
ನಿನ್ನ ಉತ್ತರವನ್ನು ಪ್ರೋಗ್ರಾಂ ನೇರವಾಗಿ json.loads ಗೆ ಕೊಡುತ್ತದೆ.
ಮೊದಲ ಅಕ್ಷರ [ ಆಗಿರಲಿ, ಕೊನೆಯ ಅಕ್ಷರ ] ಆಗಿರಲಿ.
ಪ್ರತಿ ದಾಖಲೆಯಲ್ಲಿ ಈ ಐದು ಕೀ: place, inch, cent, raw, note.
inch, cent: 0-9 ಅಂಕಿಯ ಪೂರ್ಣಾಂಕ, ಮುಂದೆ ಸೊನ್ನೆ ಬೇಡ.
ಮಳೆ ಇಲ್ಲ ಎಂದಿದ್ದರೆ ಎರಡೂ 0. ಅಳತೆ ತಿಳಿಯದಿದ್ದರೆ ಎರಡೂ null.
raw: ಅಳತೆಯ ಮಾತು, ಮೆಸೇಜಿನಲ್ಲಿ ಇದ್ದ ಹಾಗೆಯೇ.
ಅನುಮಾನ ಇದ್ದರೆ note ನಲ್ಲಿ ಬರೆ, ಇಲ್ಲದಿದ್ದರೆ "".
ದಾಖಲೆ ಇಲ್ಲದಿದ್ದರೆ []
```

‘ಬೇರೆ ಏನೂ ಬರೆಯಬೇಡ’ ಅನ್ನುವ ಸಾಲು ಇದರಲ್ಲಿ ಇಲ್ಲ. ಅದರ ಬದಲು ಮೊದಲ ಅಕ್ಷರ ಯಾವುದು, ಕೊನೆಯ ಅಕ್ಷರ ಯಾವುದು ಎಂದು ಹೇಳಿದೆ. ಏನು ಮಾಡಬಾರದು ಎಂದರೆ ನೂರು ದಾರಿ ಉಳಿಯುತ್ತದೆ, ಎಲ್ಲಿಂದ ಶುರು ಎಂದರೆ ಒಂದೇ ದಾರಿ. ಮುನ್ನುಡಿಯ ಜೊತೆಗೆ, ಜೇಸನ್ ಸುತ್ತ ಮೂರು ಬ್ಯಾಕ್‌ಟಿಕ್ ಹಾಕುವ ಅಭ್ಯಾಸವೂ ಇದರಿಂದಲೇ ಕಡಿಮೆಯಾಯಿತು.

ಮೇಲಿನ ಮೆಸೇಜಿಗೆ ಬರಬೇಕಾದ ಉತ್ತರ:

```json
[
{"place":"ನಾಪೋಕ್ಲು","inch":1,"cent":5,"raw":"1 ಇಂಚು 05","note":""},
{"place":"ಮೂರ್ನಾಡು","inch":0,"cent":85,"raw":"೮೫ ಸೆಂಟು","note":""},
{"place":"ಶ್ರೀಮಂಗಲ","inch":0,"cent":0,"raw":"ಮಳೆ ಇಲ್ಲ","note":""},
{"place":"ಸಿದ್ದಾಪುರ","inch":null,"cent":null,"raw":"ಜೋರು","note":"ಅಳತೆ ಕೊಟ್ಟಿಲ್ಲ"}
]
```

ಸುಂಟಿಕೊಪ್ಪ ಇಲ್ಲಿ ಬರಬಾರದು, ಅದು ಪ್ರಶ್ನೆ. ಶ್ರೀಮಂಗಲದ ಸೊನ್ನೆಯೂ ಸಿದ್ದಾಪುರದ `null` ಕೂಡ ಬೇರೆ ಬೇರೆ ಮಾತು. ಹೂಮಳೆ ಸಾಲದಿದ್ದರೆ ಬೆಳೆಗಾರ ಸ್ಪ್ರಿಂಕ್ಲರ್ ಹಾಕಬೇಕೋ ಎಂದು ಯೋಚಿಸುತ್ತಾನೆ. ಜೋರು ಮಳೆ ಬಿದ್ದ ಊರಿನ ಮುಂದೆ ಸೊನ್ನೆ ಕಂಡರೆ ಅವನಿಗೆ ಪಟ್ಟಿಯೇ ಬೇಡ ಅನ್ನಿಸುತ್ತದೆ, ಅಲ್ವಾ? ಸೂಚನೆಯಲ್ಲಿ ಈ ಎರಡನ್ನೂ ಪಕ್ಕಪಕ್ಕ ಇಡದಿದ್ದರೆ ಮಾಡೆಲ್ ಎರಡಕ್ಕೂ ಸೊನ್ನೆ ಹಾಕುವ ಸಾಧ್ಯತೆ ಇದೆ.

ಅಂಕಿಗಳ ಬಗ್ಗೆ ಅಷ್ಟು ಬಿಗಿಯಾಗಿ ಬರೆದದ್ದಕ್ಕೂ ಕಾರಣ ಇದೆ. ಜೇಸನ್‌ನಲ್ಲಿ ಸಂಖ್ಯೆ 0ಯಿಂದ 9ರ ಅಂಕಿಗಳಲ್ಲೇ ಇರಬೇಕು. ಮೆಸೇಜಿನಲ್ಲಿ ಇದ್ದ ಹಾಗೆ `"cent":೮೫` ಎಂದು ಬಂದರೆ ಓದಲು ಆಗುವುದಿಲ್ಲ. `"cent":05` ಕೂಡ ತಪ್ಪು, ಏಕೆಂದರೆ ಸಂಖ್ಯೆಯ ಮುಂದೆ ಸೊನ್ನೆ ಇರಬಾರದು. ಸೆಂಟಿನ ಲೆಕ್ಕದಲ್ಲಿ 05 ಎಂದು ಬರೆಯುವುದು ನಮ್ಮಲ್ಲಿ ರೂಢಿ, ಹಾಗಾಗಿ ಇದು ಅಪರೂಪದ ಸಂಗತಿಯಲ್ಲ.

ಇನ್ನೂ ತೊಂದರೆ ಕೊಡುವುದು ಇಂಚಿನ ಗುರುತು. `1" 05` ಎನ್ನುವಲ್ಲಿ ಇರುವ `"` ಜೇಸನ್‌ನಲ್ಲಿ ಪಠ್ಯ ಮುಗಿಯುವ ಗುರುತು. `raw` ಖಾನೆಗೆ ಅದು ಹಾಗೆಯೇ ಬಂದರೆ ಇಡೀ ಪಟ್ಟಿ ಮುರಿಯುತ್ತದೆ. ಅದರ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಬೇಕು ಎಂದು ದೊಡ್ಡ ಮಾಡೆಲ್‌ಗಳಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ, ಚಿಕ್ಕವು ಆಗಾಗ ಮರೆಯುತ್ತವೆ. ಇದನ್ನು ಸೂಚನೆಯಿಂದ ಸರಿಮಾಡಲು ನಾನು ಹೋಗಲಿಲ್ಲ. ಮೆಸೇಜ್ ಕಳಿಸುವ ಮೊದಲೇ ಬದಲಾಯಿಸುತ್ತೇನೆ:

```python
msg = re.sub(r'(\d)\s*["”]', r'\1 ಇಂಚು', msg)
```

ಮೇಲಿನ ಉತ್ತರದಲ್ಲಿ `raw` ಒಳಗೆ ‘1 ಇಂಚು 05’ ಇರುವುದು ಅದಕ್ಕೇ. ಪ್ರೋಗ್ರಾಮಿನಲ್ಲೇ ಖಚಿತವಾಗಿ ಆಗುವ ಕೆಲಸವನ್ನು ಮಾಡೆಲ್‌ಗೆ ಬಿಡಬಾರದು. ಇಂಚನ್ನು ಮಿಲಿಮೀಟರ್ ಮಾಡುವುದೂ ಹಾಗೆಯೇ. ಒಂದು ಇಂಚು 25.4 ಮಿಲಿಮೀಟರ್, ಆ ಗುಣಾಕಾರ ಪೈಥಾನ್ ಮಾಡಲಿ.

ಈಗ ಹಲವು ಸೇವೆಗಳಲ್ಲಿ ಜೇಸನ್ ಸ್ಕೀಮಾ ಕೊಟ್ಟು ಉತ್ತರದ ರೂಪವನ್ನು ಕಟ್ಟಿಹಾಕುವ ಸೌಲಭ್ಯ ಇದೆ. ಇದ್ದರೆ ಬಳಸಿ, ಆವರಣ, ಉದ್ಧರಣ ಚಿಹ್ನೆಗಳ ಚಿಂತೆ ಹೋಗುತ್ತದೆ. ಆದರೆ ಸಿದ್ದಾಪುರಕ್ಕೆ `null` ಬರಬೇಕೋ ಸೊನ್ನೆ ಬರಬೇಕೋ ಎಂದು ಸ್ಕೀಮಾ ಹೇಳುವುದಿಲ್ಲ. ಎರಡೂ ಅದಕ್ಕೆ ಸರಿಯೇ. ಆ ಸಾಲುಗಳನ್ನು ಸೂಚನೆಯಲ್ಲಿ ಬರೆಯಲೇಬೇಕು.

ಉದಾಹರಣೆ ಕೊಡುವಾಗಲೂ ಎಚ್ಚರ ಬೇಕು. ಉದಾಹರಣೆಯ ಊರು ನಿಜವಾದ ಉತ್ತರದೊಳಗೆ ನುಸುಳುವುದುಂಟು, ಅದರಲ್ಲೂ ಮೆಸೇಜ್ ಚಿಕ್ಕದಾಗಿದ್ದಾಗ. ಅದಕ್ಕೇ ಉದಾಹರಣೆಗೆ ನಮ್ಮ ಗುಂಪಿನಲ್ಲಿ ಬಾರದ ಹೊರಜಿಲ್ಲೆಯ ಊರುಗಳನ್ನು ಹಾಕಿದ್ದೇನೆ. ನುಸುಳಿದರೆ ಕೂಡಲೇ ಗೊತ್ತಾಗುತ್ತದೆ. ಖಾಲಿ `[]` ಬರುವ ಒಂದು ಉದಾಹರಣೆಯನ್ನೂ ಸೇರಿಸಿದ್ದೇನೆ. ಇಲ್ಲದಿದ್ದರೆ ಪ್ರತಿ ಮೆಸೇಜಿನಲ್ಲೂ ಏನಾದರೂ ಸಿಗಲೇಬೇಕು ಎಂದು ಮಾಡೆಲ್ ಹುಡುಕಲು ಹೊರಡುತ್ತದೆ.

ಉತ್ತರ ಬಂದ ಮೇಲೆ ಮೂರು ಪರೀಕ್ಷೆ ಮಾಡುತ್ತೇನೆ. `json.loads` ದಾಟಬೇಕು. ಕೀಗಳು ಐದೇ ಇರಬೇಕು. `raw` ಖಾನೆಯ ಮಾತು ಮೆಸೇಜಿನೊಳಗೆ ಅಕ್ಷರಶಃ ಸಿಗಬೇಕು. ಮೂರನೆಯದು ನನಗೆ ಬಹಳ ಮುಖ್ಯ. ರೂಪ ಚೆನ್ನಾಗಿದ್ದು ಒಳಗಿನ ಅಂಕಿ ಕಲ್ಪನೆಯದಾಗಿದ್ದರೆ ಮೊದಲ ಎರಡು ಅದನ್ನು ಹಿಡಿಯುವುದಿಲ್ಲ. ಉತ್ತರ ಅರ್ಧಕ್ಕೆ ತುಂಡಾಗಿ ಕೊನೆಯ `]` ಇಲ್ಲದಿದ್ದರೆ ಅದು ಸೂಚನೆಯ ದೋಷ ಅಲ್ಲ. ಸಾಮಾನ್ಯವಾಗಿ, ಉತ್ತರದ ಉದ್ದಕ್ಕೆ ಇರುವ ಟೋಕನ್ ಮಿತಿ ಮುಗಿದಿದೆ ಎಂದರ್ಥ. ಆಗ ಮೆಸೇಜುಗಳನ್ನು ಚಿಕ್ಕ ಕಂತಿನಲ್ಲಿ ಕಳಿಸಬೇಕು.

ಒಂದು ಮಾತ್ರ ಯಾವ ಸೂಚನೆಗೂ ಬಗ್ಗದೆ ಉಳಿದಿದೆ. ಯಾರಾದರೂ ‘ಭಾಗಮಂಡಲ 1.5’ ಎಂದು ಹಾಕಿದರೆ ಅದು ಒಂದೂವರೆ ಇಂಚೋ, ಒಂದು ಇಂಚು ಐದು ಸೆಂಟೋ? ಬರೆದವರಿಗೆ ಮಾತ್ರ ಗೊತ್ತು. ಇಂಥ ಕಡೆ `null` ಹಾಕಿ `note` ಬರೆಯಲು ಸೂಚನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ. ಸಂಜೆ ಆ ದಾಖಲೆಗಳನ್ನು ತೆಗೆದು ಅವರಿಗೆ ಫೋನ್ ಮಾಡಿ ಕೇಳುತ್ತೇನೆ.