ಪಿ ವ್ಯಾಲ್ಯೂ ಒಂದನ್ನೇ ನೋಡಿ ಪೇಪರ್ ಮುಚ್ಚಬೇಡಿ

ನರ್ಸಿಂಗ್ ರಿಸರ್ಚ್ ಓದಲು ಶುರು ಮಾಡಿದವರಿಗೆ ಒಂದು ಸಲಹೆ. ಆಪರೇಷನ್ ಆದವರಿಗೆ ಸಂಗೀತ ಕೇಳಿಸಿದರೆ ನೋವು ಎಷ್ಟು ಇಳಿಯುತ್ತದೆ ಎಂದು ನೋಡಿದ ಒಂದು ಅಧ್ಯಯನ ಇದೆ ಅಂತ ಇಟ್ಟುಕೊಳ್ಳಿ. ನೋವಿನ ಸ್ಕೇಲ್ 0ಯಿಂದ 10. ಸಂಗೀತ ಕೇಳಿದವರ ಸರಾಸರಿ 0.4 ಅಂಕ ಕಡಿಮೆ, p = 0.01, 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಇಳಿಕೆ ಇರಬಹುದಾದ ವ್ಯಾಪ್ತಿ, 0.1ರಿಂದ 0.7.

ಸಂಗೀತದಿಂದ ಏನೂ ಆಗದಿದ್ದರೆ ಇಷ್ಟು ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿ ಬರುವುದು ಅಪರೂಪ. ಪಿ ಹೇಳುವುದು ಅಷ್ಟೇ. ಆದರೆ ರೋಗಿಗೆ ಆರಾಮ ಅನ್ನಿಸಲು ಸುಮಾರು 1 ಅಂಕವಾದರೂ ಇಳಿಯಬೇಕು ಅಲ್ವಾ? ಇಲ್ಲಿ ಇಂಟರ್ವಲ್‌ನ ಮೇಲಿನ ತುದಿಯೂ 0.7 ದಾಟಿಲ್ಲ. ಇದನ್ನು ನಂಬಿ ವಾರ್ಡ್‌ನಲ್ಲಿ ಪದ್ಧತಿ ಬದಲಿಸಲು ನಾನಂತೂ ಹೇಳುವುದಿಲ್ಲ.

ಇನ್ನೊಂದು ಚಿಕ್ಕ ಅಧ್ಯಯನದಲ್ಲಿ 1.5 ಅಂಕ ಇಳಿದಿದೆ, p = 0.08, ಇಂಟರ್ವಲ್ -0.2ರಿಂದ 3.2 ಅಂದುಕೊಳ್ಳಿ. ಪಿ ಸಾಮಾನ್ಯ ಮಿತಿಯಾದ 0.05 ದಾಟಿದೆ ಅಂತ ಇದನ್ನು ‘ಪರಿಣಾಮ ಇಲ್ಲ’ ಎಂದು ಬರೆದರೆ ತಪ್ಪು, ಏಕೆಂದರೆ ಇಂಟರ್ವಲ್‌ನೊಳಗೆ ಸೊನ್ನೆಯ ಜೊತೆ 3 ಅಂಕದ ಇಳಿಕೆಯೂ ಇದೆ. ಇಂಟರ್ವಲ್ ಇಷ್ಟು ಅಗಲ ಇರುವುದಕ್ಕೆ ಹೆಚ್ಚಾಗಿ ರೋಗಿಗಳ ಸಂಖ್ಯೆ ಕಡಿಮೆ ಇರುವುದೇ ಕಾರಣ. ಜಾಸ್ತಿ ಜನರ ಮೇಲೆ ಮತ್ತೆ ನೋಡಬೇಕಾದದ್ದು ಇದನ್ನೇ.